ಹೇಳದೆ ಸಭೆ ತಪ್ಪಿಸಿದ ಮೇಲೆ ಬರೆಯುವ ಕ್ಷಮೆಯ ಸಂದೇಶ: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯ ಪತ್ರಗಳನ್ನು ತಿದ್ದಿಕೊಡುವುದು ನನ್ನ ಕೆಲಸದ ಒಂದು ಭಾಗ. ದೂರು, ಮನವಿ, ರಾಜೀನಾಮೆ ಎಲ್ಲವೂ ಬರುತ್ತವೆ. ಆದರೆ ಬರೆದವರ ಕೈ ನಡುಗಿದ್ದು ಅಕ್ಷರದಲ್ಲೇ ಕಾಣುವುದು, ಸಭೆಗೆ ಹೋಗದೆ, ಹೋಗುವುದಿಲ್ಲವೆಂದು ಹೇಳದೆ ಇದ್ದುಬಿಟ್ಟವರು ಬರೆದ ಕರಡುಗಳಲ್ಲಿ. ಅವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ.

## ಗೊತ್ತಾದ ಕೂಡಲೇ

ಸಭೆ ತಪ್ಪಿದ್ದು ಈಗಷ್ಟೇ ಗೊತ್ತಾಯಿತು. ಮೊದಲು ಏನು ಮಾಡಲಿ?

ಸಭೆ ಮುಗಿದಿದೆಯೇ ಎಂದು ಮೊದಲು ಗಡಿಯಾರ ನೋಡಿ. ಮುಗಿದಿಲ್ಲವಾದರೆ ಕ್ಷಮೆಯ ಪತ್ರ ಬರೆಯುತ್ತ ಕೂರಬೇಡಿ. "ತಡಮಾಡಿದ್ದೇನೆ, ಕ್ಷಮಿಸಿ. ಎರಡು ನಿಮಿಷದಲ್ಲಿ ಸೇರಬಲ್ಲೆ; ಈಗ ಬೇಡವೆಂದರೆ ತಿಳಿಸಿ" ಎಂದು ಒಂದು ಸಾಲು ಕಳುಹಿಸಿ. ಕೊನೆಯ ಐದು ನಿಮಿಷಕ್ಕೆ ನುಗ್ಗಿ ಎಲ್ಲರ ಮಾತು ನಿಲ್ಲಿಸಿ ಕ್ಷಮೆ ಕೇಳುವುದಕ್ಕಿಂತ, ಒಳಗೆ ಕರೆಯುವ ಅಥವಾ ಬಿಡುವ ನಿರ್ಧಾರವನ್ನು ಅವರಿಗೇ ಬಿಡುವುದು ಲೇಸು.

ಸಭೆ ಮುಗಿದುಹೋಗಿದ್ದರೆ ತಕ್ಷಣ ಬರೆಯಿರಿ. ಪೂರ್ತಿ ಸಂದೇಶಕ್ಕೆ ಮನಸ್ಸು ಸಿದ್ಧವಿಲ್ಲದಿದ್ದರೆ ಎರಡು ಕಂತಿನಲ್ಲಿ ಬರೆಯಬಹುದು: "ಇಂದಿನ ಸಭೆಗೆ ನಾನು ಬರಲಿಲ್ಲ, ತಿಳಿಸಲೂ ಇಲ್ಲ. ತಪ್ಪು ನನ್ನದು. ಒಂದು ಗಂಟೆಯೊಳಗೆ ವಿವರವಾಗಿ ಬರೆಯುತ್ತೇನೆ." ಆ ಒಂದು ಗಂಟೆಯ ಮಾತನ್ನು ಮಾತ್ರ ಉಳಿಸಿಕೊಳ್ಳಲೇಬೇಕು. ಕ್ಷಮೆಯ ಎರಡನೇ ಕಂತೇ ತಡವಾಗಿ ಬಂದದ್ದನ್ನೂ ನಾನು ನೋಡಿದ್ದೇನೆ. ಆಮೇಲೆ ಆ ಮನುಷ್ಯನನ್ನು ಯಾವ ವಾಕ್ಯವೂ ಕಾಪಾಡಲಿಲ್ಲ.

ಒಂದು ದಿನವೇ ಕಳೆದಿದೆ. ಈಗ ಬರೆದರೆ ಇನ್ನೂ ಕೆಟ್ಟದಾಗಿ ಕಾಣುವುದಿಲ್ಲವೇ?

ಬರೆಯದಿದ್ದರೆ ಕಾಣುವುದಕ್ಕಿಂತ ಕೆಟ್ಟದಾಗಿ ಕಾಣುವುದಿಲ್ಲ. ಮೊದಲ ಒಂದೆರಡು ಗಂಟೆಯ ಮೌನವನ್ನು ಎದುರಿನವರು ಮರೆವು ಎಂದುಕೊಳ್ಳುತ್ತಾರೆ. ಮರುದಿನದ ಹೊತ್ತಿಗೆ ಅದು ಉಪೇಕ್ಷೆಯ ರೂಪ ಪಡೆದಿರುತ್ತದೆ. ಹಾಗಾಗಿ ತಡವಾಗಿ ಬರೆಯುವವರು ತಡವನ್ನೂ ಹೆಸರಿಸಬೇಕು: "ನಿನ್ನೆಯೇ ಬರೆಯಬೇಕಿತ್ತು, ಬರೆಯಲಿಲ್ಲ." ಇಷ್ಟು ಸಾಕು. ಹೇಗೆ ಬರೆಯಲೆಂದು ರಾತ್ರಿಯೆಲ್ಲ ಯೋಚಿಸಿದೆ ಎಂಬ ಕತೆ ಬೇಡ. ನಿಮ್ಮ ರಾತ್ರಿಯ ಲೆಕ್ಕ ಅವರಿಗೆ ಬೇಕಿಲ್ಲ.

ಫೋನ್ ಮಾಡಲೇ, ಬರೆಯಲೇ?

ಸಭೆ ಯಾವ ದಾರಿಯಲ್ಲಿ ಗೊತ್ತಾಗಿತ್ತೋ ಆ ದಾರಿಯಲ್ಲೇ ಬರೆಯಿರಿ: ಇಮೇಲ್‌ನಲ್ಲಾದರೆ ಇಮೇಲ್, ಮೊಬೈಲ್ ಸಂದೇಶದಲ್ಲಾದರೆ ಮೊಬೈಲ್ ಸಂದೇಶ. ಅವರು ನಿಮಗಾಗಿ ದೂರದಿಂದ ಪ್ರಯಾಣ ಮಾಡಿ ಬಂದಿದ್ದರೆ ಅಥವಾ ಇನ್ನೂ ಎಲ್ಲೋ ಕಾಯುತ್ತಿರುವ ಸಾಧ್ಯತೆ ಇದ್ದರೆ ಮಾತ್ರ ಮೊದಲು ಫೋನ್. ಫೋನಿನಲ್ಲಿ ಒಂದು ತೊಡಕಿದೆ. ನೀವು ಕ್ಷಮೆ ಕೇಳಿದ ಮರುಕ್ಷಣವೇ ಅವರು "ಪರವಾಗಿಲ್ಲ ಬಿಡಿ" ಎನ್ನಲೇಬೇಕಾಗುತ್ತದೆ, ಒಳಗೆ ಕೋಪವಿದ್ದರೂ. ಬರಹ ಆ ಒತ್ತಾಯ ಹೇರುವುದಿಲ್ಲ.

## ಬರೆಯಲು ಕೂತಾಗ

"ಕಾರಣಾಂತರಗಳಿಂದ ಬರಲಾಗಲಿಲ್ಲ, ಕ್ಷಮಿಸಿ" ಎಂದರೆ ಸಾಲದೇ?

ಸಾಲದು. ಏಕೆಂದರೆ ಆ ವಾಕ್ಯದಲ್ಲಿ ನೀವಿಲ್ಲ.

ಕನ್ನಡ ನಮಗೆ ಒಂದು ಸೌಕರ್ಯ ಮಾಡಿಕೊಟ್ಟಿದೆ: ಮಾಡಿದವರನ್ನು ಹೇಳದೆಯೇ ಆದದ್ದನ್ನು ಹೇಳಬಹುದು. ಲೋಟ ಒಡೆಯಿತು, ಹೊತ್ತಾಯಿತು, ಮರೆತುಹೋಯಿತು, ಸಭೆ ತಪ್ಪಿಹೋಯಿತು. ದಿನನಿತ್ಯದ ಮಾತಿಗೆ ಇದು ಚಂದ. ಕ್ಷಮೆಯ ಸಂದೇಶದಲ್ಲಿ ಮಾತ್ರ ಇದೇ ಸೌಕರ್ಯ ಕೈಕೊಡುತ್ತದೆ. "ಸಭೆ ತಪ್ಪಿಹೋಯಿತು" ಎಂದರೆ ಸಭೆಯೇ ಕೈಜಾರಿ ಎಲ್ಲೋ ಹೋದಂತೆ. "ಬರಲಾಗಲಿಲ್ಲ" ಎಂದರೆ ಬರಲು ಯತ್ನಿಸಿದ್ದೆ, ಏನೋ ತಡೆಯಿತು ಎಂದಂತೆ. ನಿಜಕ್ಕೂ ಏನಾದರೂ ತಡೆದಿದ್ದರೆ ಆ ಮಾತು ಸರಿ. ನೀವು ಮರೆತಿದ್ದರೆ ಅದು ಸುಳ್ಳಿನ ಪಕ್ಕದಲ್ಲೇ ನಿಂತ ಮಾತು.

ಹಾಗಾಗಿ ನಾನು ಕರಡಿನಲ್ಲಿ ಮೊದಲು ತಿದ್ದುವುದು ಕ್ರಿಯಾಪದವನ್ನು. "ತಪ್ಪಿಹೋಯಿತು" ಇದ್ದಲ್ಲಿ "ನಾನು ಬರಲಿಲ್ಲ". "ಮರೆತುಹೋಯಿತು" ಇದ್ದಲ್ಲಿ "ನಾನು ಮರೆತೆ". "ತಿಳಿಸಲಾಗಲಿಲ್ಲ" ಇದ್ದಲ್ಲಿ "ತಿಳಿಸಲಿಲ್ಲ". ಬರೆದವರಿಗೆ ಈ ಬದಲಾವಣೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡರೆ ವಾಕ್ಯ ಸರಿಯಾಗಿದೆ ಎಂದೇ ತಿಳಿಯಿರಿ.

ಇಲ್ಲಿ ತಪ್ಪುಗಳು ಎರಡು ಎಂಬುದನ್ನೂ ಗಮನಿಸಿ. ಬಾರದೇ ಇದ್ದದ್ದು ಒಂದು, ಬರುವುದಿಲ್ಲವೆಂದು ತಿಳಿಸದೇ ಇದ್ದದ್ದು ಇನ್ನೊಂದು. ಸಭೆಗೆ ಬರಲಾಗದ ಸಂದರ್ಭ ಎಲ್ಲರಿಗೂ ಬರುತ್ತದೆ, ಅದನ್ನು ಯಾರೂ ಹೆಚ್ಚು ದಿನ ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿನಲ್ಲಿ ಉಳಿಯುವುದು ಕಾದದ್ದು. ಬಹುಪಾಲು ಕರಡುಗಳು ಮೊದಲನೆಯದಕ್ಕೆ ಐದು ವಾಕ್ಯ ಕೊಟ್ಟು ಎರಡನೆಯದನ್ನು ಹೇಳದೇ ಮುಗಿಯುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಿ.

"ನಿಮಗೆ ತೊಂದರೆಯಾಗಿದ್ದರೆ ಕ್ಷಮಿಸಿ" ಎಂದು ಬರೆದೆ. ಅವರು ಇನ್ನೂ ಸಿಟ್ಟಾದರು. ಏಕೆ?

ಆ "ಆಗಿದ್ದರೆ" ಯಿಂದ. ಅವರು ಕಾದದ್ದು ಆಗಿಹೋದ ಸಂಗತಿ. ನೀವು ಅದನ್ನು ಆಗಿರಬಹುದಾದ ಸಂಗತಿ ಮಾಡಿದಿರಿ. ತೊಂದರೆ ಏನೆಂದು ಗೊತ್ತಿದ್ದರೆ ಅದನ್ನೇ ಹೇಳಿ: ನೀವು ಅರ್ಧ ಗಂಟೆ ಕಾದಿರಿ, ತೀರ್ಮಾನ ಮುಂದೆ ಹೋಯಿತು. ಗೊತ್ತಿಲ್ಲದಿದ್ದರೆ "ನಿಮ್ಮ ಸಮಯ ಹಾಳು ಮಾಡಿದೆ" ಎನ್ನಿ. ಅಷ್ಟಂತೂ ಖಚಿತ.

ಕಾರಣ ಹೇಳಬೇಕೇ? ಹೇಳಿದರೆ ನೆಪದಂತಿರುತ್ತದೆ, ಹೇಳದಿದ್ದರೆ ಸೊಕ್ಕಿನಂತೆ.

ಒಂದು ವಾಕ್ಯದಲ್ಲಿ ಹೇಳಿ, ಮತ್ತು ತಪ್ಪನ್ನು ಒಪ್ಪಿಕೊಂಡ ನಂತರ ಹೇಳಿ. ಕಾರಣ ಮೊದಲು ಬಂದರೆ ಓದುವವರು ಅದನ್ನು ವಾದವೆಂದು ಓದುತ್ತಾರೆ. ನಂತರ ಬಂದರೆ ಅದೇ ವಾಕ್ಯ ಮಾಹಿತಿಯಾಗುತ್ತದೆ.

ಬರೆದ ಕಾರಣವನ್ನು ಒಂದು ಪ್ರಶ್ನೆಯಿಂದ ಪರೀಕ್ಷಿಸಬಹುದು: ಇದು ನಾನು ಬಾರದ್ದನ್ನು ವಿವರಿಸುತ್ತದೆಯೋ, ತಿಳಿಸದೇ ಇದ್ದದ್ದನ್ನೂ ವಿವರಿಸುತ್ತದೆಯೋ? "ಬೇರೊಂದು ಸಭೆ ಲಂಬಿಸಿತು" ಎಂಬುದು ಬಾರದ್ದನ್ನು ವಿವರಿಸುತ್ತದೆ. ಆದರೆ ಆ ಸಭೆಯಲ್ಲಿ ಕೂತೇ ಒಂದು ಸಾಲಿನ ಸಂದೇಶ ಕಳುಹಿಸಬಹುದಿತ್ತು ಎಂದು ಓದುವವರಿಗೆ ತಟ್ಟನೆ ಹೊಳೆಯುತ್ತದೆ. "ಕೆಲಸದ ಒತ್ತಡ" ಇನ್ನೂ ದುರ್ಬಲ, ಏಕೆಂದರೆ ಕಾದವರಿಗೂ ಕೆಲಸವಿತ್ತು. ಎರಡನ್ನೂ ವಿವರಿಸುವ ಕಾರಣಗಳು ಕಡಿಮೆ: ದಿನ ತಪ್ಪಾಗಿ ಬರೆದುಕೊಂಡಿದ್ದೆ, ಆಹ್ವಾನವನ್ನು ಸರಿಯಾಗಿ ಓದಿರಲಿಲ್ಲ, ನಿದ್ದೆ ಹೋಗಿದ್ದೆ. ಇವು ಕೇಳಲು ಸಣ್ಣತನವೆನಿಸಿದರೂ ನಂಬಿಕೆಗೆ ಅರ್ಹ.

ಬೇರೆ ದೇಶಗಳವರೊಂದಿಗೆ ಕೆಲಸ ಮಾಡುವವರ ಒಂದು ಕಾರಣವನ್ನು ಇಲ್ಲಿ ಹೇಳಬೇಕು. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಯುರೋಪಿನ ಒಕ್ಕೂಟದಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಇಬ್ಬರ ನಡುವಿನ ಅಂತರ ಎಂದಿನಂತೆ ಇರುವುದಿಲ್ಲ. ಸಮಯವನ್ನು ನೆನಪಿನಿಂದ ಲೆಕ್ಕ ಹಾಕುವವರು ಸರಿಯಾಗಿ ಒಂದು ಗಂಟೆ ತಪ್ಪುತ್ತಾರೆ. ಇದು ನಿಜವಾದ ಕಾರಣವೇ. ಆದರೂ "ಗಡಿಯಾರ ಬದಲಾಗಿತ್ತು" ಎಂಬಲ್ಲಿಗೆ ನಿಲ್ಲಿಸದೆ "ಬದಲಾದದ್ದನ್ನು ನಾನು ನೋಡಿಕೊಳ್ಳಲಿಲ್ಲ" ಎಂದು ಮುಗಿಸಿ.

ಸಣ್ಣದೊಂದು ಸುಳ್ಳು ಹೇಳಿದರೆ ಇಬ್ಬರಿಗೂ ಮುಜುಗರ ತಪ್ಪುತ್ತದಲ್ಲ?

ನೆಟ್‌ವರ್ಕ್ ಇರಲಿಲ್ಲ ಎಂದು ಬರೆದ ಹೊತ್ತಿನಲ್ಲೇ ನೀವು ಗುಂಪಿನಲ್ಲಿ ಬೇರೊಬ್ಬರಿಗೆ ಉತ್ತರ ಕೊಟ್ಟಿರುವುದು ಅವರಿಗೆ ಕಾಣುತ್ತಿರುತ್ತದೆ. ಬೇಡ.

ಎಷ್ಟು ಸಲ ಕ್ಷಮೆ ಕೇಳಿದರೆ ಅತಿಯಾಗುತ್ತದೆ?

ಒಂದು ಸಂದೇಶದಲ್ಲಿ ಒಂದು ಸಲ ಸಾಕು. ಎರಡನೆಯದು ಮೊದಲನೆಯದನ್ನು ಗಟ್ಟಿ ಮಾಡುವುದಿಲ್ಲ, ತೆಳುಗೊಳಿಸುತ್ತದೆ.

ಆದರೆ ಅತಿ ಎಂಬುದು ಎಣಿಕೆಯಲ್ಲಷ್ಟೇ ಇಲ್ಲ. ನಿಮ್ಮ ಕರಡಿನಲ್ಲಿ ಎಷ್ಟು ವಾಕ್ಯಗಳು ನಿಮ್ಮ ಮನಸ್ಸಿನ ಸ್ಥಿತಿಯ ಕುರಿತು ಇವೆ ನೋಡಿ. "ನನಗೇ ನಾಚಿಕೆಯಾಗುತ್ತಿದೆ", "ಮುಖ ತೋರಿಸಲು ಆಗುತ್ತಿಲ್ಲ", "ನನ್ನಂಥವನಿಂದ ಹೀಗಾಗಬಾರದಿತ್ತು" ಇಂಥವು ವಿನಯದಂತೆ ಕಂಡರೂ ಓದುವವರ ಮೇಲೆ ಹೊಸ ಕೆಲಸ ಹೊರಿಸುತ್ತವೆ. ಕಾದದ್ದು ಅವರು, ಈಗ ಸಮಾಧಾನ ಹೇಳಬೇಕಾದವರೂ ಅವರೇ. "ದೊಡ್ಡ ಮನಸ್ಸು ಮಾಡಿ", "ಅನ್ಯಥಾ ಭಾವಿಸಬೇಡಿ" ಎಂಬ ಮಾತುಗಳೂ ಇದೇ ಜಾತಿಯವು. ಕ್ಷಮಿಸದಿದ್ದರೆ ನಿಮ್ಮದು ಸಣ್ಣ ಮನಸ್ಸು ಎಂಬ ಧ್ವನಿ ಅವುಗಳ ಬೆನ್ನಿಗೇ ಇರುತ್ತದೆ.

ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕ್ಷಮೆಯ ಮಾತನ್ನು ಆರು ಅಂಶಗಳಾಗಿ ಬಿಡಿಸಿ ಜನರ ಮುಂದಿಟ್ಟಿತ್ತು: ವಿಷಾದ, ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಪಶ್ಚಾತ್ತಾಪ, ಸರಿಪಡಿಸುವ ಮಾತು, ಕ್ಷಮೆಯ ಬೇಡಿಕೆ. ಹೆಚ್ಚು ತೂಕ ಸಿಕ್ಕಿದ್ದು ಹೊಣೆ ಒಪ್ಪಿಕೊಳ್ಳುವುದಕ್ಕೆ, ಆಮೇಲೆ ಸರಿಪಡಿಸುವ ಮಾತಿಗೆ. ಕ್ಷಮೆಯ ಬೇಡಿಕೆ ಎಲ್ಲಕ್ಕಿಂತ ಕೊನೆಯಲ್ಲಿತ್ತು. ನನ್ನ ಬಳಿ ಬರುವ ಕರಡುಗಳಲ್ಲಿ ಅನುಪಾತ ಸರಿಯಾಗಿ ತಲೆಕೆಳಗು: ಬೇಡಿಕೆಗೆ ನಾಲ್ಕು ವಾಕ್ಯ, ಹೊಣೆಗೆ ಅರ್ಧ, ಸರಿಪಡಿಸುವುದಕ್ಕೆ ಏನೂ ಇಲ್ಲ.

ಒಂದು ಮಾದರಿ ಕೊಡಿ, ಹೆಸರು ಬದಲಿಸಿ ಕಳುಹಿಸುತ್ತೇನೆ.

ಹೆಸರು ಮಾತ್ರ ಬದಲಿಸಿದರೆ ಕೆಲಸಕ್ಕೆ ಬಾರದು, ಹಾಗಾಗಿ ಒಂದು ಪ್ರಸಂಗವನ್ನೇ ಇಡುತ್ತೇನೆ. ವಾರ್ಷಿಕ ವರದಿಯ ಪುಟವಿನ್ಯಾಸಕ್ಕೆ ಒಪ್ಪಿಗೆ ಕೊಡಬೇಕಿದ್ದ ಒಬ್ಬರು, ಮಂಗಳವಾರ 11 ಗಂಟೆಯ ಸಭೆಗೆ ಹೋಗಲಿಲ್ಲ. ವಿನ್ಯಾಸಕಾರರೂ ಅವರ ಸಹಾಯಕರೂ ಇಪ್ಪತ್ತು ನಿಮಿಷ ಕಾದು ಎದ್ದರು. ವರದಿ ಗುರುವಾರ ಮುದ್ರಣಕ್ಕೆ ಹೋಗಬೇಕಿತ್ತು. ಸಭೆ ಮೊದಲು ಬುಧವಾರಕ್ಕಿತ್ತು. ಮಂಗಳವಾರಕ್ಕೆ ಬದಲಿಸಿದಾಗ ಇವರು ಸರಿ ಎಂದಿದ್ದರು, ಆದರೆ ಕ್ಯಾಲೆಂಡರ್‌ನಲ್ಲಿ ತಿದ್ದಿಕೊಂಡಿರಲಿಲ್ಲ. ಗೊತ್ತಾದಾಗ 12.20. ಮೊದಲ ಕರಡು ಹೀಗಿತ್ತು:

"ಮಾನ್ಯರೇ, ದಯವಿಟ್ಟು ಕ್ಷಮಿಸಿ. ಬೆಳಗ್ಗೆಯಿಂದ ಒಂದೇ ಸಮನೆ ಕೆಲಸದ ಒತ್ತಡವಿದ್ದ ಕಾರಣ ಸಭೆ ತಪ್ಪಿಹೋಯಿತು. ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿದೆ. ಇಂಥ ತಪ್ಪು ಹಿಂದೆಂದೂ ಮಾಡಿಲ್ಲ, ಇನ್ನೆಂದೂ ಮಾಡುವುದಿಲ್ಲ. ತಾವು ಎಷ್ಟು ಬೇಸರಪಟ್ಟಿರೋ ಏನೋ. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕೆಂದು ಬೇಡಿಕೊಳ್ಳುತ್ತೇನೆ. ತಮಗೆ ಅನುಕೂಲವಾದಾಗ ಮತ್ತೆ ಸಭೆ ಸೇರೋಣ."

ಇದು ಅತಿ ಎಂದೆ. ಮುನಿಸಿಕೊಂಡು ಎರಡನೆಯದನ್ನು ಕಳುಹಿಸಿದರು: "ಇಂದಿನ ಸಭೆಗೆ ಗೈರುಹಾಜರಾದುದಕ್ಕೆ ವಿಷಾದಿಸುತ್ತೇನೆ. ಉಂಟಾದ ಅನನುಕೂಲಕ್ಕೆ ಕ್ಷಮೆ ಇರಲಿ. ಮುಂದಿನ ದಿನಾಂಕ ತಿಳಿಸಿ." ರೈಲು ತಡವಾಗಿ ಬರುತ್ತಿದೆ ಎಂಬ ಪ್ರಕಟಣೆಯಲ್ಲಿ ಇದಕ್ಕಿಂತ ಹೆಚ್ಚು ಪ್ರೀತಿ ಇರುತ್ತದೆ. ಕೊನೆಗೆ ಹೋದದ್ದು ಇದು:

"ನಮಸ್ಕಾರ. ಇಂದು 11 ಗಂಟೆಯ ಸಭೆಗೆ ನಾನು ಬರಲಿಲ್ಲ, ಬರುವುದಿಲ್ಲವೆಂದು ತಿಳಿಸಲೂ ಇಲ್ಲ. ನೀವಿಬ್ಬರೂ ಇಪ್ಪತ್ತು ನಿಮಿಷ ಕಾದಿರಿ, ನಿಮ್ಮ ಕೆಲಸವೂ ನಿಂತಿತು. ಕ್ಷಮಿಸಿ. ಸಭೆಯನ್ನು ಬುಧವಾರದಿಂದ ಇಂದಿಗೆ ಬದಲಿಸಿದಾಗ ಒಪ್ಪಿದ್ದೆ, ಆದರೆ ಕ್ಯಾಲೆಂಡರ್‌ನಲ್ಲಿ ತಿದ್ದಿಕೊಂಡಿರಲಿಲ್ಲ.

ಗುರುವಾರದ ಮುದ್ರಣ ತಪ್ಪಬಾರದು. ಪುಟಗಳನ್ನೆಲ್ಲ ನೋಡಿ, ಇಂದು ಸಂಜೆ 5ರೊಳಗೆ ನನ್ನ ತಿದ್ದುಪಡಿಗಳನ್ನು ಬರೆದು ಕಳುಹಿಸುತ್ತೇನೆ. ಅವುಗಳ ಬಗ್ಗೆ ಮಾತನಾಡಬೇಕೆನಿಸಿದರೆ ಇಂದು 5.30 ಅಥವಾ ನಾಳೆ ಬೆಳಗ್ಗೆ 9.30 ನನಗೆ ಆಗುತ್ತದೆ. ಬೇರೆ ಹೊತ್ತು ಹೇಳಿದರೂ ಹೊಂದಿಸಿಕೊಳ್ಳುತ್ತೇನೆ."

ಮೊದಲ ಕರಡಿಗಿಂತ ಇದು ಉದ್ದವೇ ಇದೆ, ಗಮನಿಸಿ. ಮೊಟಕುಗೊಳಿಸುವುದು ಗುರಿಯಾಗಿರಲಿಲ್ಲ. ಕ್ಷಮೆ ಇಲ್ಲಿ ಒಂದೇ ಪದ, ಉಳಿದದ್ದೆಲ್ಲ ಸಂಗತಿ. ಎರಡನೇ ಭಾಗದಲ್ಲಿ ಸಭೆಯನ್ನು ಮತ್ತೆ ನಡೆಸುವ ಮಾತಿಗಿಂತ ಮೊದಲು ಸಭೆಯ ಉದ್ದೇಶ ಈಡೇರುವ ಮಾತಿದೆ. ವಿನ್ಯಾಸಕಾರರಿಗೆ ಬೇಕಿದ್ದದ್ದು ಒಪ್ಪಿಗೆ. ಇವರ ಮುಖದರ್ಶನ ಆಮೇಲಿನದು. "ಇನ್ನೆಂದೂ ಮಾಡುವುದಿಲ್ಲ" ಎಂಬುದನ್ನೂ ತೆಗೆದೆವು. ಅದನ್ನು ಯಾರೂ ನಂಬುವುದಿಲ್ಲ, ಸಂಜೆ 5ರ ಮಾತನ್ನಾದರೆ ಸಂಜೆ 5ಕ್ಕೇ ಪರೀಕ್ಷಿಸಬಹುದು.

ಮುಂದಿನ ಸಭೆಯ ಆಹ್ವಾನವನ್ನು ಅದರ ಜೊತೆಗೇ ಕಳುಹಿಸಿಬಿಡಲೇ?

ಕಳುಹಿಸಬೇಡಿ. ಒಮ್ಮೆ ಅವರ ಸಮಯ ಕಳೆದವರು ಕೇಳದೆಯೇ ಮತ್ತೊಂದು ಗಂಟೆಯನ್ನು ಹಿಡಿದಿಟ್ಟಂತಾಗುತ್ತದೆ. ಎರಡು ಹೊತ್ತು ಸೂಚಿಸಿ, ಅವರು ಆರಿಸಿದ ಮೇಲೆ ಆಹ್ವಾನ ಕಳುಹಿಸುವ ಕೆಲಸವನ್ನು ನೀವೇ ಮಾಡಿ. ಮೊದಲಿಗಿಂತ ಕಡಿಮೆ ಸಮಯ ಕೇಳಿ: ಒಂದು ಗಂಟೆಯ ಸಭೆಯಾಗಿದ್ದರೆ ಅರ್ಧ ಗಂಟೆ. ನೀವಿಲ್ಲದೆಯೇ ಸಭೆ ನಡೆದುಹೋಗಿದ್ದರೆ "ಏನಾಯಿತು ಹೇಳಿ" ಎಂದು ಕೇಳಬೇಡಿ. ನಡಾವಳಿ ಓದಿ, ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದೆಂದು ಗುರುತಿಸಿ, ಅದನ್ನು ಯಾವಾಗ ಮುಗಿಸುತ್ತೀರಿ ಎಂದು ಬರೆಯಿರಿ.

## ತೊಡಕಿನ ಸಂದರ್ಭಗಳು

ಹತ್ತು ಜನರ ಸಭೆಗೆ ಹೋಗಲಿಲ್ಲ. ಹತ್ತು ಜನರಿಗೂ ಬರೆಯಬೇಕೇ?

ನೀವಿಲ್ಲದ್ದರಿಂದ ಏನೂ ನಿಲ್ಲಲಿಲ್ಲವೆಂದರೆ ಸಭೆ ಕರೆದವರಿಗೆ ಮಾತ್ರ ಎರಡು ಸಾಲು ಸಾಕು. ಎಲ್ಲರಿಗೂ ಬರೆದರೆ, ನೀವು ಬಂದಿಲ್ಲವೆಂದು ಗಮನಿಸದೇ ಇದ್ದ ಆರು ಜನರಿಗೂ ತಿಳಿಯುತ್ತದೆ, ಅಷ್ಟೇ. ನಿಮ್ಮ ವಿಷಯಕ್ಕಾಗಿಯೇ ಸಭೆ ಸೇರಿದ್ದರೆ ಎಲ್ಲರಿಗೂ ಬರೆಯಬೇಕು. ನಿಮ್ಮ ಬದಲು ಯಾರಾದರೂ ಎದ್ದು ನಿಂತು ವಿಷಯ ಮಂಡಿಸಿದ್ದರೆ ಅವರಿಗೆ ಪ್ರತ್ಯೇಕವಾಗಿ ಬರೆಯಿರಿ. ಆ ಪತ್ರದಲ್ಲಿ ಕ್ಷಮೆಗಿಂತ ಕೃತಜ್ಞತೆ ಮುಂದಿರಲಿ.

ಕಾದವರು ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿ. ಅವಳಿಗೂ ಇಷ್ಟೆಲ್ಲ ಬೇಕೇ?

ಹೆಚ್ಚೇ ಬೇಕು. ಮೇಲಿನವರಿಗೆ ಬರೆಯುವಾಗ ಬಗ್ಗುವವರೇ ಕೆಳಗಿನವರಿಗೆ ಬರೆಯುವಾಗ "ಬೇರೆ ಕೆಲಸವಿತ್ತು, ನಾಳೆ ಬಾ" ಎಂದು ಮುಗಿಸುವುದನ್ನು ಕಂಡಿದ್ದೇನೆ. ಅವಳು ನಿಮಗೆ "ಏಕೆ ಬರಲಿಲ್ಲ" ಎಂದು ಕೇಳಲಾರಳು, ಹಾಗಾಗಿ ಕೇಳದೆಯೇ ಹೇಳಬೇಕು. "ನಿನ್ನ ಪ್ರಗತಿಯ ಬಗ್ಗೆ ಮಾತನಾಡಲು ನಾನೇ 4 ಗಂಟೆಗೆ ಕರೆದಿದ್ದೆ, ಬರಲಿಲ್ಲ, ಹೇಳಿ ಕಳುಹಿಸಲೂ ಇಲ್ಲ. ತಪ್ಪು ನನ್ನದು. ನಾಳೆ ನಿನಗೆ ಯಾವ ಹೊತ್ತು ಅನುಕೂಲ?" ಕಚೇರಿಯಲ್ಲಿ ಅವಳನ್ನು ಬಹುವಚನದಲ್ಲಿ ಕರೆಯುವವರಾದರೆ ಇಲ್ಲಿಯೂ ಬಹುವಚನವೇ ಇರಲಿ. ಕ್ಷಮೆ ಕೇಳುವಾಗ ಮಾತ್ರ "ನೀವು" ಎಂದು ಶುರುಮಾಡಿದರೆ ಅವಳಿಗೆ ಗಾಬರಿಯಾಗುತ್ತದೆ.

ಕೆಲಸದ ಸಂದರ್ಶನಕ್ಕೇ ಹೋಗಲಿಲ್ಲ. ಏನಾದರೂ ಉಪಯೋಗವಿದೆಯೇ?

ಕೆಲಸ ಸಿಗುವ ಸಾಧ್ಯತೆ ಕಡಿಮೆ. ಅದೇ ದಿನ ಬರೆಯಿರಿ, ಮತ್ತೊಂದು ಅವಕಾಶವನ್ನು ಒಂದೇ ಸಲ ಕೇಳಿ: "ಮತ್ತೆ ಸಮಯ ಕೊಡುವುದು ಸಾಧ್ಯವಾದರೆ ಬರುತ್ತೇನೆ, ಇಲ್ಲವಾದರೆ ಅರ್ಥಮಾಡಿಕೊಳ್ಳಬಲ್ಲೆ." ಆ ಕೆಲಸವೇ ಬೇಡವೆನಿಸಿ ಹೋಗದಿದ್ದವರು ಅದನ್ನೇ ಬರೆಯಲಿ, ಕಾಯಿಲೆ ಹುಟ್ಟಿಸುವುದು ಬೇಡ.

ಮನೆಯವರನ್ನು ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿದ್ದೆ. ಆಗಲೂ ತಪ್ಪು ಒಪ್ಪಿಕೊಳ್ಳಬೇಕೇ?

ಇಲ್ಲ. ಇಲ್ಲಿ "ಬರಲಾಗಲಿಲ್ಲ" ಎಂಬುದು ಪೂರ್ತಿ ಸತ್ಯ, ಅದನ್ನೇ ಬಳಸಿ: "ಮನೆಯಲ್ಲಿ ತುರ್ತು ಪರಿಸ್ಥಿತಿಯಿಂದಾಗಿ ಇಂದು ಬರಲಾಗಲಿಲ್ಲ, ತಿಳಿಸಲೂ ಆಗಲಿಲ್ಲ. ನೀವು ಕಾಯುವಂತಾದದ್ದಕ್ಕೆ ಬೇಸರವಿದೆ. ಶುಕ್ರವಾರದ ನಂತರ ಬರೆಯುತ್ತೇನೆ." ರೋಗದ ಹೆಸರು, ವಾರ್ಡಿನ ವಿವರ, ಚೀಟಿಯ ಚಿತ್ರ ಯಾವುದೂ ಬೇಡ. ಪುರಾವೆ ಕೇಳದವರಿಗೆ ಪುರಾವೆ ಕೊಟ್ಟರೆ ಅವರು ನಿಮ್ಮನ್ನು ನಂಬುವುದಿಲ್ಲವೆಂದು ನೀವೇ ಭಾವಿಸಿದಂತೆ.

ಇದು ಎರಡನೇ ಸಲ, ಅದೇ ವ್ಯಕ್ತಿಯೊಂದಿಗೆ. ಈಗ ಏನು ಬರೆಯಲಿ?

ಮೊದಲ ಸಂದೇಶವನ್ನೇ ಇನ್ನಷ್ಟು ದುಃಖದಿಂದ ಬರೆಯಬೇಡಿ. "ಇದು ಎರಡನೇ ಸಲ" ಎಂದು ನೀವೇ ಹೇಳಿ, ಅವರು ಎಣಿಸಿಕೊಂಡಿರುತ್ತಾರೆ. ಕಾರಣ ಬೇರೆಯಾಗಿದ್ದರೂ ಈಗ ಅದಕ್ಕೆ ಬೆಲೆಯಿಲ್ಲ. ಬೆಲೆ ಇರುವುದು ಏನು ಬದಲಿಸಿದ್ದೀರಿ ಎಂಬುದಕ್ಕೆ, ಅದೂ ಭೂತಕಾಲದಲ್ಲಿ: "ನಮ್ಮ ಸಭೆಗಳಿಗೆ ಹಿಂದಿನ ದಿನ ಸಂಜೆ ಮತ್ತು ಹದಿನೈದು ನಿಮಿಷ ಮೊದಲು ನೆನಪಿಸುವಂತೆ ಮೊಬೈಲ್‌ನಲ್ಲಿ ಹೊಂದಿಸಿದ್ದೇನೆ." ಹೊಂದಿಸುತ್ತೇನೆ ಎಂದಲ್ಲ, ಹೊಂದಿಸಿದ್ದೇನೆ. ಹೊಂದಿಸಿದ ಮೇಲೆ ಬರೆಯಿರಿ. ಈ ಸಭೆ ನಿಜಕ್ಕೂ ಬೇಕೇ ಎಂದೂ ಕೇಳಿಕೊಳ್ಳಬಹುದು. ಒಂದೇ ಸಭೆಯನ್ನು ಮತ್ತೆ ಮತ್ತೆ ಮರೆಯುವವರಿಗೆ ಹಲವು ಸಲ ಅದು ಬೇಕಿರುವುದಿಲ್ಲ. ಹಾಗಿದ್ದರೆ ಬದಲಿಗೆ ಯಾರು ಬರಬಹುದೆಂದು ಸೂಚಿಸುವುದು ಮೂರನೇ ಕ್ಷಮೆಗಿಂತ ಒಳ್ಳೆಯದು.

ಬರೆದು ಎರಡು ದಿನವಾಯಿತು. ಉತ್ತರವೇ ಇಲ್ಲ. ಮತ್ತೊಮ್ಮೆ ಕ್ಷಮೆ ಕೇಳಲೇ?

ಕ್ಷಮೆಯನ್ನು ಮತ್ತೆ ಕೇಳಬೇಡಿ. "ನನ್ನ ಸಂದೇಶ ನೋಡಿದಿರಾ" ಎಂದೂ ಕೇಳಬೇಡಿ. ಮಾಡುತ್ತೇನೆಂದು ಬರೆದ ಕೆಲಸವನ್ನು ಮಾಡಿ, ಮಾಡಿದ್ದನ್ನು ಮಾತ್ರ ತಿಳಿಸಿ. ವಾರ್ಷಿಕ ವರದಿಯ ಆ ಪ್ರಸಂಗದಲ್ಲಿಯೂ ಮಧ್ಯಾಹ್ನದ ಸಂದೇಶಕ್ಕೆ ಉತ್ತರ ಬರಲಿಲ್ಲ. ಇವರು 4.50ಕ್ಕೆ ತಿದ್ದುಪಡಿಗಳನ್ನು ಕಳುಹಿಸಿದರು, ಜೊತೆಗೆ ಬರೆದದ್ದು "ಎಲ್ಲ ಪುಟಗಳನ್ನೂ ನೋಡಿದ್ದೇನೆ, ಮೂರರಲ್ಲಿ ಬದಲಾವಣೆ ಇದೆ" ಎಂದಷ್ಟೇ. ಮರುದಿನ ಬೆಳಗ್ಗೆ ವಿನ್ಯಾಸಕಾರರಿಂದ ಬಂದ ಉತ್ತರದಲ್ಲಿ ಸಭೆಯ ಪ್ರಸ್ತಾಪವೇ ಇರಲಿಲ್ಲ: "ಏಳನೇ ಪುಟದ ಚಿತ್ರವನ್ನು ಚಿಕ್ಕದು ಮಾಡಿದರೆ ಸಾಕೇ, ತೆಗೆಯಲೇಬೇಕೇ?"